ಬಿಟ್ಟು ಹೋದ ಮನಿಗೆ ತಿರುಗಿ ದುಡಿಯಲು ಬಂದಾಗ

ಒಂದು ಮನಿಯ ದುಡಿಮೆ ಬಿಟ್ಟು ಹೋದವನು ತಿರುಗಿ ಅದೇ ಮನಿಯ ಬಾಗಿಲಿಗೆ ದುಡಿಯಲಿಕ್ಕೆ ಬಂದರೆ ಅದು ಸೋಲೇನು? ಬಂದವನು ತಲಿ ತಗ್ಗಿಸಿ ಕೊಟ್ಟಷ್ಟು ತಗೋಬೇಕೋ, ಇಲ್ಲಾ ಹೊಸಬನ ಹಾಂಗ ನಿಂತು ತನ್ನ ಬೆಲೆ ಹೇಳಬೇಕೋ? ಹೋದ ಯುಗಾದಿಗೆ ಈ ಪ್ರಶ್ನೆ ನನ್ನ ಕಟ್ಟಿಯ ಮ್ಯಾಲೆ ಬಂದು ಕುಂತಿತು. ನಾನು ಏಳನೆತ್ತೆ ಕಲಿತವ. ಹೊಲ ಮಾಡುವವ, ಗೀಗೀ ಪದ ಹಾಡುವವ. ನನಗೆ ತಿಳಿದಷ್ಟು ನ್ಯಾಯ ಹೇಳಿದೆ. ಅದರಾಗ ಅರ್ಧ ಸರಿ ಆಯಿತು, ಅರ್ಧ ತಪ್ಪಿತು. ಎರಡನ್ನೂ ಬರೆಯುತ್ತೇನೆ.

ನಮ್ಮ ಜತ್ತ ತಾಲೂಕಿನ ಈ ಮೂಡಣ ದಿಕ್ಕಿನ ಹಳ್ಳಿಗಳಲ್ಲಿ ವರ್ಷದ ಆಳು ಇಡುವ ಪದ್ಧತಿ ಎಲ್ಲರಿಗೂ ಗೊತ್ತು. ಮರಾಠಿಯವರು ಸಾಲಗಡಿ ಅಂತಾರೆ. ಯುಗಾದಿ ಪಾಡ್ಯೆಯ ದಿನ ಮಾತಾಗುತ್ತದೆ, ಮುಂದಿನ ಪಾಡ್ಯೆಗೆ ಮುಗಿಯುತ್ತದೆ. ಮಾತಾದ ದಿನ ಸ್ವಲ್ಪ ಉಚಲ ಕೊಡುತ್ತಾರೆ, ಉಳಿದದ್ದು ತಿಂಗಳಿಗಿಷ್ಟು ಅಂತ ಸಂದಾಯ ಆಗುತ್ತದೆ. ಹಿಂದೆ ಎತ್ತು, ಗಳೆ, ಮಟ್ಟಿ ಅಂತ ಇತ್ತು ಆಳಿನ ಕೆಲಸ. ಈಗ ದ್ರಾಕ್ಷಿ ತೋಟ ಬಂದ ಮ್ಯಾಲೆ ಆಳಿನ ಕೆಲಸವೇ ಬ್ಯಾರೆ ಆಗಿದೆ. ಚಾಟಣಿ ಯಾವಾಗ, ಔಷಧ ಎಷ್ಟು, ಯಾವ ಎಲಿಯ ಮ್ಯಾಲೆ ಏನು ಬಂತು ಅಂತ ಗುರುತು ಹಿಡಿಯುವವನು ಬೇಕು. ಅಂಥವನಿಗೂ ಬರೀ ಕಸ ತೆಗೆಯುವವನಿಗೂ ಒಂದೇ ಪಗಾರ ಕೊಟ್ಟರೆ ನಡೆಯುವುದಿಲ್ಲ.

ಆ ಹುಡುಗ ನಮ್ಮ ಓಣಿಯವ. ಒಬ್ಬ ಮಾಲಕರ ನಾಲ್ಕು ಎಕರೆ ತೋಟದಲ್ಲಿ ವರ್ಷಕ್ಕೆ 96,000ಕ್ಕೆ ನಿಂತಿದ್ದ. ತಿಂಗಳಿಗೆ ಲೆಕ್ಕ ಹಾಕಿದರೆ 8,000. ಅವನ ಜೋಡಿ ಇನ್ನೊಬ್ಬ ಹಿರಿಯ ಆಳು, ಹತ್ತು ವರ್ಷದಿಂದ ಅದೇ ತೋಟದಾಗ ಇದ್ದವ. ಅಕ್ಟೋಬರ ಚಾಟಣಿ ಆಗಿ ಮೂರು ವಾರ ಆಗಿತ್ತು. ತೋಟ ಮಾಡಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಬಳ್ಳಿ ಹಸುಗೂಸಿದ್ದ ಹಾಂಗ. ಐದಾರು ಎಲಿ ಬಿಟ್ಟಿರುತ್ತದೆ, ಸಣ್ಣ ಗೊನೆ ಕಣ್ಣಿಗೆ ಬೀಳುತ್ತಿರುತ್ತದೆ. ಆಗ ಮಳಿ ಬಿದ್ದರೆ ಡೌನಿ ಬರುತ್ತದೆ. ಎಲಿಯ ಮ್ಯಾಲೆ ಎಣ್ಣಿ ಚೆಲ್ಲಿದಂಥ ಹಳದಿ ಕಲೆ, ತಿರುವಿ ನೋಡಿದರೆ ಬಿಳಿ ಬೂದಿ. ಗೊನೆಗೆ ಹತ್ತಿದರೆ ಅದು ಕಂದಾಗಿ ಸುರುಟಿ ಉದುರುತ್ತದೆ. ಮಳಿ ನಿಂತ ಕೂಡಲೇ, ರಾತ್ರಿಯಾದರೂ ಔಷಧ ಹೊಡೆಯಬೇಕು.

ಆ ದಿನಗಳಲ್ಲೇ ಹುಡುಗನ ಹೆಂಡತಿಗೆ ಹೆರಿಗೆ ಹತ್ತಿರ ಬಂತು. ಎಂಟು ದಿನ ರಜಾ ಕೇಳಿದ. ಮಾಲಕ ಕೊಡಲಿಲ್ಲ. ಕೊಡದಿದ್ದರೆ ಹೋಗಲಿ, ಕೂಲಿ ಹೆಣ್ಮಕ್ಕಳ ಮುಂದೆ ಆಡಬಾರದ ಮಾತು ಆಡಿದರು. ಹುಡುಗ ಮರುದಿನ ನಸುಕಿನಾಗ ಹೇಳದೆ ಕೇಳದೆ ಹೋದ. ಹೆರಿಗೆ ಮುಗಿಸಿಕೊಂಡು ಪುಣೆ ಕಡೆ ಒಂದು ಕಾರಖಾನೆಗೆ ಗುತ್ತಿಗೆದಾರನ ಕೈಕೆಳಗೆ ಸೇರಿದ. ಅವನು ಹೋದ ನಾಲ್ಕನೇ ದಿನಕ್ಕೆ ಮಳಿ ಬಂತು. ಎರಡು ಎಕರೆ ಗೊನೆ ಹೋಯಿತು.

ಒಂದೂವರೆ ವರ್ಷ ಆದ ಮ್ಯಾಲೆ ಹುಡುಗ ತಿರುಗಿ ಊರಿಗೆ ಬಂದ. ಅಲ್ಲಿ ಕೈಗೆ 15,000 ಬರುತ್ತಿತ್ತು. ಖೋಲಿ ಬಾಡಿಗೆ 2,500, ಮೆಸ್ಸಿಗೆ 4,000, ಬಸ್ಸು ಫೋನು ಅಂತ 1,000. ಮನಿಗೆ ಮುಟ್ಟುತ್ತಿದ್ದದ್ದು 7,500. ಕೂಸು ನಡೆಯಲಿಕ್ಕೆ ಹತ್ತಿದ್ದನ್ನು ಅವನು ಫೋನಿನಾಗ ನೋಡಿದ. ಮಾಲಕರಿಗೂ ಆಳು ಸಿಕ್ಕಿರಲಿಲ್ಲ. ಸಿಕ್ಕವರಿಗೆ ಡೌನಿ ಯಾವುದು ಭೂರಿ ಯಾವುದು ಗೊತ್ತಿರಲಿಲ್ಲ. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಾಗಿದ್ದರು. ಆದರೆ ಮೊದಲು ಮಾತಾಡುವವರು ಯಾರು? ಹುಡುಗ ನನ್ನ ಹತ್ತಿರ ಬಂದು, "ಕಾಕಾ, ನೀ ಒಂದು ಮಾತ ಹಾಕು" ಅಂದ.

ನನಗೂ ಇಂಥದ್ದು ಒಮ್ಮೆ ಆಗಿತ್ತು, ಅದಕ್ಕೇ ಒಪ್ಪಿದೆ. ನನ್ನ ಮೂವತ್ತನೇ ವಯಸ್ಸಿನಾಗ ನಮ್ಮ ಮೇಳ ಬಿಟ್ಟು, ದುಡ್ಡು ಜಾಸ್ತಿ ಕೊಡುತ್ತಾರೆ ಅಂತ ಬ್ಯಾರೆ ಮೇಳಕ್ಕೆ ಹೋಗಿದ್ದೆ. ಜಾತ್ರಿ ನಾಲ್ಕು ದಿನ ಇರುವಾಗ ಹೋಗಿದ್ದೆ. ಎರಡು ವರ್ಷಕ್ಕೆ ತಿರುಗಿ ಬಂದಾಗ ಗುರುಗಳು ಬಾ ಅಂದರು, ಆದರೆ ದಪ್ಪು ಕೊಡಲಿಲ್ಲ. ತುಂತುಣಿ ಕೊಟ್ಟು ಹಿಂದೆ ನಿಲ್ಲಿಸಿದರು. ಒಂದು ವರ್ಷ ಗೀಗೀ ಅಂತ ದನಿ ಎಳೆದೆ. ಗುರುಗಳು ಸಿಟ್ಟು ಇಟ್ಟುಕೊಂಡಾರ ಅಂತ ನಾ ತಿಳಿದಿದ್ದೆ. ಅದು ಸಿಟ್ಟಲ್ಲ ಅನ್ನುವುದು ಎಷ್ಟೋ ದಿನಕ್ಕೆ ಗೊತ್ತಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲನೇ ಸಲ ಕುಂತಾಗ ಮಾತು ಎಲ್ಲಾ ಕಲಸಿ ಹೋಯಿತು. ಹುಡುಗ, "ಅಲ್ಲಿ ನನಗ ತಿಂಗಳಾ 15,000 ಇತ್ತರಿ, ವರ್ಷಕ್ಕ 1,80,000 ಆಕ್ಕೈತಿ" ಅಂದ. ಮಾಲಕರು, "ನೀ ಮಾಡಿದ ನುಕಸಾನಿ ಮೊದಲ ತುಂಬಿ ಕೊಡು. 96,000ಕ್ಕ ಹೋಗಿದ್ದಿ, 96,000ಕ್ಕ ಬಾ" ಅಂದರು. ಪಗಾರ ಕೇಳಿದರೆ ಓಡಿ ಹೋದದ್ದು ಬರುತ್ತದೆ, ಓಡಿ ಹೋದದ್ದು ಕೇಳಿದರೆ ಹೆರಿಗೆಯ ಮಾತು ಬರುತ್ತದೆ. ನಾನು ಚಹಾ ಕುಡಿಸಿ ಎಬ್ಬಿಸಿ ಕಳಿಸಿದೆ. ಮರುದಿನ ಬರ್ರಿ, ನಾಳೆ ಬರೀ ಹಳೇ ಲೆಕ್ಕ, ಪಗಾರದ ಮಾತು ಯಾರೂ ತೆಗೀಬಾರದು ಅಂದೆ.

ಇದು ನಾನು ಮಾಡಿದ ಒಂದು ಒಳ್ಳೆಯ ಕೆಲಸ. ಯಾಕಂದರೆ ಹಳೇ ಲೆಕ್ಕ ಮುಗಿಯದೆ ಪಗಾರ ಕಡಿದರೆ, ಮಾಲಕರು ಆ ನುಕಸಾನಿಯನ್ನು ಬಾಯಿಂದ ಆಡದೆ ಪಗಾರದಾಗ ಮುರಕೋತಾರೆ. ಒಂದು ವರ್ಷ ಅಲ್ಲ, ಇರುವಷ್ಟು ವರ್ಷ ಮುರಕೋತಾರೆ. ಯಾಕಂದರೆ ಮುಂದಿನ ಯುಗಾದಿಯ ಮಾತು ಹಿಂದಿನ ಯುಗಾದಿಯ ಅಂಕಿಯ ಮ್ಯಾಲೆ ಹುಟ್ಟುತ್ತದೆ. ಸಾಲ ಆದರೆ ತೀರುವ ದಿನ ಇರುತ್ತದೆ, ಪಗಾರ ಕಡಿಮಿ ಮಾಡಿ ತೀರಿಸುವ ಸಾಲಕ್ಕೆ ತೀರುವ ದಿನವೇ ಇಲ್ಲ.

ಮರುದಿನ ವಹಿ ತಂದರು. ಹುಡುಗ ದುಡಿದದ್ದು ಏಳು ತಿಂಗಳು. ತಿಂಗಳಿಗೆ 8,000ದಂತೆ 56,000 ಅವನ ಗಳಿಕಿ. ತಗೊಂಡದ್ದು ಪಾಡ್ಯೆ ದಿನದ ಉಚಲ 40,000, ಮ್ಯಾಲೆ ತಿಂಗಳಿಗೆ 4,000ದಂತೆ 28,000. ಒಟ್ಟು 68,000. ಅಂದರೆ 12,000 ಹುಡುಗನ ಮ್ಯಾಲೆ ಬಾಕಿ. ಇದರಾಗ ಇಬ್ಬರಿಗೂ ತಕರಾರು ಇರಲಿಲ್ಲ. ಅಂಕಿ ಅಂಕಿಯೇ.

ತಕರಾರು ಇದ್ದದ್ದು ಎರಡು ಎಕರೆ ಗೊನೆಯ ಮ್ಯಾಲೆ. ಮಾಲಕರು 50,000 ಆದರೂ ಕೊಡು ಅಂದರು. ನಾನು ಕೇಳಿದೆ, "ಮಾಲಕರ, ಅದರ ಹಿಂದಿನ ವರ್ಷ ಮನೂಕಾಕ್ಕ ಒಳ್ಳೆ ದರ ಬಂತು. ಆಗ ಇವಗ ಪಗಾರದ ಮ್ಯಾಲೆ ಏನ ಕೊಟ್ಟಿರಿ?" ಅವರು ಸುಮ್ಮನಾದರು. ಲಾಭದಾಗ ಪಾಲು ಇಲ್ಲದವನಿಗೆ ನುಕಸಾನಿಯಾಗ ಪಾಲು ಹಚ್ಚುವುದು ಯಾವ ನ್ಯಾಯ? ಮಳಿ ತಂದವನು ಅವನಲ್ಲ. ಅವನು ಇದ್ದಿದ್ದರೂ ಎಲ್ಲಾ ಉಳಿಯುತ್ತಿತ್ತು ಅಂತ ಯಾರೂ ಆಣಿ ಮಾಡಿ ಹೇಳಲಾರರು.

ಇನ್ನೊಂದು ಮಾತೂ ಹೇಳಿದೆ. ಉಚಲ ಕೊಟ್ಟೇವಿ, ಅದಕ್ಕೆ ಮೈ ನಮ್ಮದು ಅನ್ನುವ ಕಾಲ ಮುಗಿದಿದೆ. 1976ರಾಗ ಜೀತ ಬಿಡಿಸುವ ಕಾಯದೆ ಬಂತು. ಸಾಲ ಕೊಟ್ಟ ಕಾರಣಕ್ಕೆ ಮನುಷ್ಯನನ್ನು ಕಟ್ಟಿ ಹಾಕಿ ದುಡಿಸುವುದು ಅಪರಾಧ. ಹುಡುಗ ಹೋದದ್ದು ಅಪರಾಧ ಅಲ್ಲ. ಹೋಗುವ ಹಕ್ಕು ಅವನಿಗಿತ್ತು.

ಇದನ್ನು ಕೇಳಿ ಹುಡುಗನ ಮಾರಿ ಅರಳಿತು. ಅವನ ಕಡೆ ತಿರುಗಿ ಅಂದೆ, "ತಮ್ಮಾ, ಹೋಗು ಹಕ್ಕ ಇತ್ತು ಅಂದ್ರ ಹೋದ ರೀತಿ ಸರಿ ಇತ್ತು ಅಂತ ಅಲ್ಲ. ಆ ಮೂರು ವಾರದ ಬಳ್ಳಿ ನಿನಗ ಗೊತ್ತಿತ್ತು. ಒಂದು ಮಾತ ಹೇಳಿ ಹೋಗಿದ್ರ ಅವರು ಬ್ಯಾರೆ ಯಾರನ್ನರೆ ಕರಕೊಂಡ ಬರತಿದ್ರು." ಹುಡುಗ ಹೊತ್ತು ನೆಲ ನೋಡಿದ. ಆಮೇಲೆ, "ಹೇಳಿ ಹೋಗಬೇಕಿತ್ತರಿ ಮಾಲಕರ, ತಪ್ಪಾತು" ಅಂದ. ಅಷ್ಟೇ ಅಂದ. ಹೆಂಡತಿಯ ಹೆರಿಗೆ ಇತ್ತು, ನೀವು ಹಾಂಗ ಅಂದಿರಿ, ಅದಕ್ಕ ಹೋದೆ ಅಂತ ಬಾಲ ಹಚ್ಚಲಿಲ್ಲ. ಅದು ಒಳ್ಳೇದಾಯಿತು. ತಪ್ಪಾಯಿತು ಅನ್ನುವ ಮಾತಿಗೆ ಬಾಲ ಹಚ್ಚಿದರೆ ಅದು ಜಗಳದ ಮಾತೇ ಆಗುತ್ತದೆ. ಅವನು ಬಾಲ ಹಚ್ಚದ್ದಕ್ಕೆ ಮಾಲಕರೇ ಆ ಬಾಲ ಹಿಡಿದರು: "ಹೆಣ್ಮಕ್ಕಳ ಮುಂದ ನಾ ಹಾಂಗ ಅನ್ನಬಾರದಿತ್ತು. ರಜಾ ಕೊಡಬೇಕಿತ್ತು."

ಬಾಕಿ 12,000 ತಿಂಗಳಿಗೆ 1,000ದಂತೆ ವರ್ಷದಾಗ ತೀರಿಸುವುದು, ಪಗಾರ ಪೂರಾ ಕೈಗೆ ಕೊಟ್ಟ ಮ್ಯಾಲೆ ಅವನು ತಿರುಗಿ ಕೊಟ್ಟು ವಹಿಯಾಗ ಸಹಿ ತಗೋಬೇಕು ಅಂತ ಆಯಿತು. ಪಗಾರದಾಗ ಹಿಡಕೊಂಡು ಕೊಡುವುದಕ್ಕೂ ಇದಕ್ಕೂ ಏನು ಫರಕ ಅಂತ ನಮ್ಮ ಶಾಲಿ ಮಾಸ್ತರರು ಆಮೇಲೆ ಕೇಳಿದರು. ಫರಕ ಐತಿ. ಪೂರಾ ಪಗಾರ ಕೈಗೆ ಬಂದರೆ ತನ್ನ ಬೆಲೆ ಎಷ್ಟು ಅನ್ನುವುದು ಅವನಿಗೂ ಮನಿಯವರಿಗೂ ನೆನಪಿರುತ್ತದೆ. ಸಾಲ ತೀರಿದ ತಿಂಗಳು ಯಾವುದು ಅನ್ನುವುದೂ ಕಾಣುತ್ತದೆ.

ಮೂರನೇ ದಿನ ಪಗಾರದ ಮಾತು. ಆ ಯುಗಾದಿಗೆ ನಮ್ಮ ಸುತ್ತಿನಾಗ ತೋಟದ ವರ್ಷದ ಆಳಿಗೆ 1,20,000 ನಡೆದಿತ್ತು. ನಾನು ಅದನ್ನೇ ನಡುವೆ ಇಟ್ಟೆ. ಹೋದಾಗಿನ 96,000 ಹಳೇ ದರ, ಅದನ್ನು ಹಿಡಿಯುವುದು ನ್ಯಾಯ ಅಲ್ಲ. ಪುಣೆಯ 1,80,000 ಇಲ್ಲಿಯ ದರ ಅಲ್ಲ, ಅದನ್ನು ತೋರಿಸಿ ಹೆದರಿಸುವುದೂ ನ್ಯಾಯ ಅಲ್ಲ. ಅಲ್ಲಿ ಉಳಿಯುತ್ತಿದ್ದದ್ದು 7,500. ಇಲ್ಲಿ 10,000 ಬಂದರೆ ಮನಿಯ ರೊಟ್ಟಿ ತಿಂದು ಅಷ್ಟೂ ಮನಿಗೇ ಮುಟ್ಟುತ್ತದೆ. ಇದನ್ನು ಹುಡುಗನೇ ಲೆಕ್ಕ ಹಾಕಿ ಒಪ್ಪಿದ.

ಆದರೆ ಅವನ ಇನ್ನೊಂದು ಮಾತು ಖರೇ ಇತ್ತು. "ಕಾಕಾ, ನಾ ಹೋದಾಗಿನ ಆಳಾಗಿ ಬರೂದಿಲ್ಲ. ಮೋಟರ, ಸ್ಟಾರ್ಟರ ಕೆಟ್ಟರ ಬಿಚ್ಚಿ ಜೋಡಸೂದು ಅಲ್ಲಿ ಕಲತೇನಿ. ಔಷಧದ ಲೆಕ್ಕ ಮೊದಲೇ ಗೊತ್ತೈತಿ. ತೋಟ ನನ್ನ ಕೈಯಾಗ ಕೊಡ್ರಿ." ಮಾಲಕರು, ಕೊಡೋಣ, ಮೇಸ್ತ್ರಿ ಅಂತ ಕರೆಯೋಣ ಅಂದರು. ನಾನು ಕೇಳಿದೆ, ಹೆಸರು ಇರಲಿ, ಔಷಧದ ಖೋಲಿಯ ಕೀಲಿ ಯಾರ ಹತ್ತಿರ? ಕೂಲಿಯವರಿಗೆ ನಾಳೆ ಬರ್ರಿ ಅಂತ ಹೇಳುವವರು ಯಾರು? ಔಷಧ ಹೊಡೆದ ದಿನ, ಪ್ರಮಾಣ ಬರೆಯುವ ವಹಿ ಯಾರದು? ಈ ಮೂರು ಕೈಗೆ ಬಾರದೆ ಮೇಸ್ತ್ರಿ ಅಂದರೆ, ದಪ್ಪು ಕೊಡದೆ ಮುಂದಿನ ಹಾಡುಗಾರ ಅಂತ ಕರೆದ ಹಾಂಗ. ಮೂರೂ ಕೊಡುವುದು ಅಂತ ಆಯಿತು. ಅದಕ್ಕೆ ತಿಂಗಳಿಗೆ 2,000 ಜಾಸ್ತಿ ಬೇಕು ಅಂತ ಹುಡುಗ ಕೇಳಿದ.

ಮಾಲಕರ ಅಂಜಿಕಿಯೂ ಸುಳ್ಳಲ್ಲ. "ಒಮ್ಮೆ ಬಿಟ್ಟ ಹೋದವಗ ಮೊದಲನೇ ದಿನಕ್ಕ ಕೀಲಿ ಕೊಟ್ಟು ಪಗಾರನೂ ಏರಿಸಂದ್ರ ಹೆಂಗ? ಮುಂದ ನೋಡೋಣ" ಅಂದರು. ಈ "ಮುಂದ ನೋಡೋಣ" ಅನ್ನುವ ಮಾತು ಎಷ್ಟೋ ಆಳುಗಳ ವಯಸ್ಸು ತಿಂದಿದೆ. ಮುಂದೆ ಅಂದರೆ ಯಾವ ದಿನ, ನೋಡುವುದು ಅಂದರೆ ಏನನ್ನು? ಎರಡನ್ನೂ ಹೇಳಿದರೆ ಆ ಮಾತು ಒಪ್ಪಂದ ಆಗುತ್ತದೆ. ಕೀಲಿ, ಕೆಲಸ ಇವತ್ತೇ ಕೊಡುವುದು. ಮೊದಲಿನ ಆರು ತಿಂಗಳು 10,000. ಅಕ್ಟೋಬರ ಚಾಟಣಿಯಿಂದ ಮುಂದಿನ ಆರು ತಿಂಗಳು 12,000. ವರ್ಷಕ್ಕೆ 60,000 ಮತ್ತು 72,000 ಸೇರಿ 1,32,000.

ನೋಡುವುದು ಏನು ಅನ್ನುವುದರ ಮ್ಯಾಲೆ ಬಹಳ ಹೊತ್ತು ಹೋಯಿತು. ಬೆಳಿ ಎಷ್ಟು ಟನ್ ಬಂತು ಅಂತ ನೋಡೋಣ ಅಂದರು ಮಾಲಕರು. ಬ್ಯಾಡ ಅಂದೆ, ಅದು ಮತ್ತೆ ಮಳಿಯ ಮ್ಯಾಲೆ ಹೋಗುತ್ತದೆ. ಅವನ ಕೈಯಾಗ ಇದ್ದದ್ದು ಯಾವುದು? ಬೇಸಿಗಿ ಚಾಟಣಿ ಹೊತ್ತಿಗೆ ಸರಿಯಾಗಿ ಮುಗಿಸಿ, ಕಡ್ಡಿ ತಿದ್ದಿ ಬೆಳೆಸುವುದು, ವಹಿ ತಪ್ಪದೆ ಬರೆಯುವುದು. ಬೇಸಿಗಿಯಾಗ ಕಡ್ಡಿ ಕೆಟ್ಟರೆ ಅಕ್ಟೋಬರ ಚಾಟಣಿ ಆಗಿ ಎರಡು ವಾರಕ್ಕೆ ಗೊತ್ತಾಗುತ್ತದೆ, ಕಣ್ಣು ಒಡೆದರೂ ಗೊನೆ ಬರುವುದಿಲ್ಲ, ಬರೀ ಬಳ್ಳಿ ಬರುತ್ತದೆ. ಅಷ್ಟು ನೋಡಿದರೆ ಸಾಕು.

ಇನ್ನು ಹೋಗುವ ಮಾತು. ತಿರುಗಿ ಬಂದ ದಿನವೇ ಹೋಗುವ ಮಾತು ಅಪಶಕುನ ಅಂದರು ಯಾರೋ. ನನಗೆ ಹಾಂಗ ಅನ್ನಿಸಲಿಲ್ಲ. ಹೋಗುವ ದಾರಿ ಇಲ್ಲದ್ದಕ್ಕೇ ಹಿಂದಿನ ಸಲ ನಸುಕಿನಾಗ ಹೋದ. ಬಿಡುವುದಾದರೆ ಒಂದು ತಿಂಗಳು ಮೊದಲು ಹೇಳಬೇಕು. ಅಕ್ಟೋಬರ ಚಾಟಣಿ ಆದ 45 ದಿನ ಮನಿಯಾಗ ಸಾವು, ಬ್ಯಾನಿ, ಹೆರಿಗೆ ಬಿಟ್ಟರೆ ಬಿಡಬಾರದು. ಮಾಲಕರು ಬಿಡಿಸುವುದಾದರೂ ಒಂದು ತಿಂಗಳು ಮೊದಲು ಹೇಳಬೇಕು, ಇಲ್ಲಾ ಒಂದು ತಿಂಗಳ ಪಗಾರ ಕೊಡಬೇಕು. ಉಚಲ ಈ ಸಲ 50,000 ಕೊಡುತ್ತೇನೆ ಅಂದರು, ಹುಡುಗ 20,000 ಮಾತ್ರ ತಗೊಂಡ. ಉಚಲ ದೊಡ್ಡದಾದಷ್ಟು ಬಾಗಿಲು ಸಣ್ಣದಾಗುತ್ತದೆ ಅನ್ನುವುದು ಅವನಿಗೆ ಈಗ ಗೊತ್ತಿತ್ತು. ಒಂದು ಹಾಳಿಯ ಮ್ಯಾಲೆ ಕನ್ನಡದಾಗ ಬರೆದು ಎರಡು ಪ್ರತಿ ಮಾಡಿ ಇಬ್ಬರಿಗೂ ಕೊಟ್ಟೆವು.

ಜ್ಯೇಷ್ಠ ಮಾಸದಾಗ ಒಮ್ಮೆ ಮಾಲಕರು ಬ್ಯಾರೆಯವರ ಮುಂದೆ ಹುಡುಗನನ್ನು "ನಮ್ಮ ಓಡಿ ಹೋದವ" ಅಂತ ಚಾಷ್ಟಿ ಮಾಡಿದರು. ಹಳೇ ಲೆಕ್ಕ ಮನಸಿನಾಗ ಮುಗಿದಿಲ್ಲ ಅನ್ನುವುದಕ್ಕೆ ಇಂಥ ಚಾಷ್ಟಿಯೇ ಗುರುತು. ನಾನು ಹೋಗಿ, "ಮಾಲಕರ, ವಹಿಯಾಗ ಇಲ್ಲದ ಬಾಕಿ ಬಾಯಾಗ ಇಟ್ಟಕೋಬ್ಯಾಡ್ರಿ" ಅಂದೆ. ನಕ್ಕು ಬಿಟ್ಟರು, ಮತ್ತೆ ಅನ್ನಲಿಲ್ಲ. ಅಕ್ಟೋಬರದ ಪಗಾರ ಕೊಡುವಾಗ ಮರೆತು 10,000 ಎಣಿಸಿದರು. ಹುಡುಗ ಹಾಳಿ ತೋರಿಸಿದ, ಇನ್ನೆರಡು ಸಾವಿರ ಕೊಟ್ಟರು. ಇಲ್ಲಿಯ ತನಕ ನನ್ನ ನ್ಯಾಯ ಸರಿ ಅಂತ ನನಗೇ ಹೆಮ್ಮಿ ಇತ್ತು.

ದೀಪಾವಳಿಗೆ ಆ ಹಿರಿಯ ಆಳು ನಮ್ಮ ಮನಿಗೆ ಬಂದ. ಹುಡುಗ ಓಡಿ ಹೋದ ರಾತ್ರಿಗಳಲ್ಲಿ ಮಳಿಯಾಗ ಒಬ್ಬನೇ ನಾಲ್ಕು ಎಕರೆಗೆ ಔಷಧ ಹೊಡೆದವನು ಅವನು. ಮುಂದೆ ಹದಿನೈದು ದಿನ ಜ್ವರ ಬಂದು ಮಲಗಿದ್ದ. ಉಳಿದ ಎರಡು ಎಕರೆ ಉಳಿಸಿದವನೂ ಅವನೇ. ಅವನ ಪಗಾರ 1,10,000 ಇತ್ತು. ಹತ್ತು ವರ್ಷದಿಂದ ಯುಗಾದಿಗೆ ಮಾಲಕರು ಹೇಳಿದಷ್ಟಕ್ಕೆ ಹೂಂ ಅಂದವ. ಚಹಾ ಬಸಿ ಕೆಳಗಿಟ್ಟು ಅಂದ, "ನಾ ಎಲ್ಲೂ ಹೋಗಲಿಲ್ಲ ಅಂತ ನನ್ನ ಬೆಲಿ ಯಾರಿಗೂ ಗೊತ್ತಾಗಲಿಲ್ಲೇನ್ರಿ ಅಣ್ಣಾ? ನಾನೂ ಒಮ್ಮೆ ಓಡಿ ಹೋಗಿ ಬರಬೇಕಿತ್ತೇನು?"

ನನಗೆ ಉತ್ತರ ಬರಲಿಲ್ಲ. ಮೂರು ದಿನ ಕುಂತು ಇಬ್ಬರ ನ್ಯಾಯ ಮಾಡಿದೆ, ಮೂರನೆಯವನನ್ನು ಕರೆಯಲಿಲ್ಲ. ಹುಡುಗ ತಪ್ಪಾತು ಅಂದದ್ದು ಮಾಲಕರಿಗೆ. ಅವನ ಭಾರ ಹೊತ್ತವನು ಮಾಲಕರಲ್ಲ, ಇವನು. ನಡೆಯುವ ದರ 1,20,000 ಅಂತ ನಡುವೆ ಇಟ್ಟವನು ನಾನು. ಆ ದರ ಬಿಟ್ಟು ಹೋಗಿ ಬಂದವನಿಗೆ ಸಿಕ್ಕಿತು, ಬಿಡದೆ ಇದ್ದವನಿಗೆ ಸಿಗಲಿಲ್ಲ.

ಆಗ ನನಗೆ ನಮ್ಮ ಗುರುಗಳ ತುಂತುಣಿ ತಿಳಿಯಿತು. ನಾನು ಜಾತ್ರಿ ಹೊತ್ತಿನಾಗ ಮೇಳ ಬಿಟ್ಟು ಹೋದಾಗ ನನ್ನ ಜೋಡಿದಾರ ಒಬ್ಬನೇ ಎರಡೂ ದನಿಗೆ ಹಾಡಿ ನಾಲ್ಕು ದಿನ ಗಂಟಲು ಕಳಕೊಂಡಿದ್ದ. ನಾ ಬಂದ ದಿನವೇ ಗುರುಗಳು ನನಗೆ ದಪ್ಪು ಕೊಟ್ಟಿದ್ದರೆ ಅದು ಅವನ ಕೈಯಿಂದ ಕಿತ್ತು ಕೊಡಬೇಕಿತ್ತು. ಅವರು ನನಗೆ ಶಿಕ್ಷೆ ಕೊಡಲಿಲ್ಲ, ಅವನನ್ನು ಕಾದರು. ಒಂದು ವರ್ಷ ಆದ ಮ್ಯಾಲೆ ಅವನೇ ದಪ್ಪು ನನ್ನ ಕೈಗೆ ಕೊಟ್ಟ. ನಾನು ಅದನ್ನು ಮೂವತ್ತು ವರ್ಷ ಗುರುಗಳ ಸಿಟ್ಟು ಅಂತಲೇ ಹೇಳುತ್ತಾ ಬಂದಿದ್ದೆ. ಆ ಜೋಡಿದಾರನಿಗೆ ತಪ್ಪಾಯಿತು ಅಂದಿರಲಿಲ್ಲ. ಈಗ ಅವನು ಇಲ್ಲ.

ಹುಡುಗನಿಗೆ ಇದನ್ನು ಹೇಳಿದೆ. ಅವನು ಅದೇ ಸಂಜಿ ಹಿರಿಯನ ಮನಿಗೆ ಹೋಗಿ ಬಂದ. ಏನು ಮಾತಾದವೋ ನಾ ಕೇಳಲಿಲ್ಲ. ಮಾಲಕರ ಹತ್ತಿರ ನಾನೇ ಹೋದೆ. ಹುಡುಗನ ಕೆಲಸಕ್ಕೆ ಕೊಡುವ 2,000 ಬ್ಯಾರೆ, ಅದು ಕೀಲಿ, ವಹಿಯ ಬೆಲೆ, ಹಿರಿಯನೂ ಅದನ್ನು ಕೇಳುತ್ತಿಲ್ಲ. ಆದರೆ ನಡೆಯುವ ದರಕ್ಕಿಂತ 10,000 ಕಡಿಮಿ ಯಾಕೆ ಅಂದೆ. "ಅವ ಕೇಳಲೇ ಇಲ್ಲಲ್ಲ" ಅಂದರು. ಕೇಳದೆ ಇದ್ದದ್ದು ಅವನ ನಂಬಿಗಿ, ಅದಕ್ಕೆ ದಂಡ ಹಾಕಬಾರದು ಅಂದೆ. ವರ್ಷದ ನಡುವೆ ಆಗುವುದಿಲ್ಲ ಅಂತ 5,000 ಮಾತ್ರ ದೀಪಾವಳಿಗೆ ಅಂತ ಕೊಟ್ಟರು. ಉಳಿದದ್ದು ಇನ್ನೂ ನಿಂತಿದೆ.

ಹಾಂಗಾದರೆ ತಿರುಗಿ ಬರುವುದು ಸೋಲೇನು? ಅಲ್ಲ ಅಂತಲೇ ಈಗಲೂ ಹೇಳುತ್ತೇನೆ. ಬಂದವನು ತನ್ನ ಬೆಲೆ ಕೇಳಬೇಕು, ಹಳೇ ಬಾಕಿ ಬ್ಯಾರೆ ಇಟ್ಟು ತೀರಿಸಬೇಕು. ಆದರೆ ತಾನು ಹೋದಾಗ ತನ್ನ ಕೆಲಸ ಯಾರ ಹೆಗಲಿಗೆ ಬಿತ್ತು ಅನ್ನುವುದನ್ನು ಮೊದಲು ಕೇಳಿ ತಿಳಕೊಂಡು, ಆ ಮನುಷ್ಯನನ್ನೂ ಮಾತಿಗೆ ಕೂಡಿಸಬೇಕು. ಕೂಡಿಸುವುದು ಮಾಲಕರ ಕೆಲಸವೂ ಹೌದು, ನನ್ನಂಥ ನಡುವಿನವರ ಕೆಲಸವೂ ಹೌದು. ಬರುವ ಪಾಡ್ಯೆಗೆ ಮತ್ತೆ ನಮ್ಮ ಕಟ್ಟಿಗೇ ಬರ್ರಿ ಅಂತ ಮೂವರಿಗೂ ಹೇಳಿದ್ದೇನೆ. ಆ ದಿನ ಮೊದಲ ಮಾತು ಹಿರಿಯನದು.